ಐದು ಸೆಕೆಂಡಿನಲ್ಲಿ ಸ್ಲೈಡ್ ಏನು ಹೇಳಿತು?

ಪ್ರಶ್ನೆ: ಸಾಲಕ್ಕಾಗಿ ಒಂದು ಡೆಕ್ ಮಾಡಿದ್ದೇನೆ. ಗೆಳೆಯರಿಗೆ ತೋರಿಸಿದರೆ ಎಲ್ಲರೂ ಚೆನ್ನಾಗಿದೆ ಅಂದರು. ಹೊಸಬರಿಗೆ ಒಂದೊಂದು ಸ್ಲೈಡನ್ನು ಕೆಲವೇ ಸೆಕೆಂಡ್ ತೋರಿಸಿ ನೋಡು ಅಂತ ಒಬ್ಬರು ಹೇಳಿದರು. ಅದನ್ನು ಸರಿಯಾಗಿ ಮಾಡುವುದು ಹೇಗೆ?

ಉತ್ತರ:

ಗೆಳೆಯರ ಮಾತು ಬಿಡಿ. ಅವರಿಗೆ ನಿಮ್ಮ ಕಥೆ ಮೊದಲೇ ಗೊತ್ತು. ಸ್ಲೈಡಿನಲ್ಲಿ ಇಲ್ಲದ್ದನ್ನು ಅವರ ತಲೆಯೇ ತುಂಬಿಕೊಳ್ಳುತ್ತದೆ.

ಎರಡು ವರ್ಷದ ಹಿಂದೆ ಕೋಲಾರದ ಕಡೆಯ ಒಂದು ರೈತರ ಗುಂಪಿಗೆ ನಾನು ಡೆಕ್ ಮಾಡಿಕೊಟ್ಟಿದ್ದೆ. ಟೊಮೆಟೊ ಒಣಗಿಸುವ ಘಟಕಕ್ಕೆ ಸಾಲ ಬೇಕಿತ್ತು. ಒಟ್ಟು 12 ಸ್ಲೈಡ್. ನನ್ನ ಅತ್ತಿಗೆ ಒಂದು ಪತ್ತಿನ ಸಹಕಾರ ಸಂಘದಲ್ಲಿ ಲೆಕ್ಕ ನೋಡಿಕೊಳ್ಳುತ್ತಾರೆ. ಅವರಿಗೆ ಈ ಯೋಜನೆ ಬಗ್ಗೆ ಏನೂ ಗೊತ್ತಿರಲಿಲ್ಲ, ಆದರೆ ಸಾಲದ ಭಾಷೆ ಗೊತ್ತು. ನಿಮಗೂ ಇಂಥವರೇ ಬೇಕು. ವಿಷಯಕ್ಕೆ ಹೊಸಬರು, ಆದರೆ ಓದಬೇಕಾದವರಿಗೆ ಹತ್ತಿರದವರು. ಪೂರ್ತಿ ಹೊರಗಿನವರನ್ನು ಕೂರಿಸಿದರೆ, ಸ್ಲೈಡ್ ಸೋತಿತೋ ಅಥವಾ 'ಮಾರ್ಜಿನ್ ಮನಿ' ಅನ್ನುವ ಪದ ಅವರಿಗೆ ಗೊತ್ತಿರಲಿಲ್ಲವೋ ತಿಳಿಯುವುದಿಲ್ಲ.

ತೋರಿಸುವ ಮೊದಲು ಒಂದು ಕೆಲಸ ಇದೆ. ಪ್ರತಿ ಸ್ಲೈಡಿಗೂ 'ಇದನ್ನು ನೋಡಿದವರು ಏನಂತ ಹೇಳಬೇಕು' ಅನ್ನುವುದನ್ನು ಒಂದೇ ವಾಕ್ಯದಲ್ಲಿ ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ. ಬರೆಯದಿದ್ದರೆ ಅವರು ಏನು ಹೇಳಿದರೂ 'ಹೂಂ, ನಾನೂ ಅದನ್ನೇ ಹೇಳಿದ್ದು' ಅನ್ನಿಸಿಬಿಡುತ್ತದೆ. ನನಗೆ ಎರಡು ಸ್ಲೈಡಿಗೆ ವಾಕ್ಯವೇ ಹೊಳೆಯಲಿಲ್ಲ. ಆ ಎರಡನ್ನೂ ಯಾರಿಗೂ ತೋರಿಸದೆ ತೆಗೆದುಹಾಕಿದೆ.

ಇನ್ನು ಸಮಯ. ನಾನು ಐದು ಸೆಕೆಂಡ್ ಇಡುತ್ತೇನೆ. ಮನಸ್ಸಿನಲ್ಲೇ ಇಂಗ್ಲಿಷ್ ಓದುವವರು ಸಾಮಾನ್ಯವಾಗಿ ನಿಮಿಷಕ್ಕೆ 240 ಪದದ ಆಸುಪಾಸು ಓದುತ್ತಾರೆ. ಅಂದರೆ ಐದು ಸೆಕೆಂಡಿಗೆ ಇಪ್ಪತ್ತು ಪದ, ಅದೂ ಚಿತ್ರದ ಕಡೆ ಕಣ್ಣೇ ಹಾಯಿಸದಿದ್ದರೆ. ಕನ್ನಡದ ಪದಗಳು ಉದ್ದ, ಹಾಗಾಗಿ ಇನ್ನೂ ಕಡಿಮೆ ಅಂತಲೇ ಇಟ್ಟುಕೊಳ್ಳಿ. ಒಂದು ಶೀರ್ಷಿಕೆ, ಒಂದು ಚಿತ್ರ, ಅಷ್ಟೇ ಹಿಡಿಸುತ್ತದೆ. ಪವರ್‌ಪಾಯಿಂಟ್‌ನಲ್ಲಿ Transitions ಗೆ ಹೋಗಿ, On Mouse Click ನ ಗುರುತು ತೆಗೆದು, After ಎದುರು 00:05.00 ಹಾಕಿ. ಪ್ರತಿ ಸ್ಲೈಡಿನ ನಂತರ ಒಂದು ಪೂರ್ತಿ ಕಪ್ಪು ಸ್ಲೈಡ್ ಸೇರಿಸಿ, ಅದಕ್ಕೆ ಮಾತ್ರ On Mouse Click ಇರಲಿ. ಆಗ ಪರದೆ ತಾನೇ ಕಪ್ಪಾಗಿ ನಿಲ್ಲುತ್ತದೆ, ಅವರು ಮಾತಾಡಿ ಮುಗಿಸಿದ ಮೇಲೆ ನೀವು ಮುಂದೆ ಹೋಗಬಹುದು. ಅನಿಮೇಶನ್ ಇದ್ದರೆ ತೆಗೆಯಿರಿ, ಸಮಯದ ಲೆಕ್ಕ ತಪ್ಪುತ್ತದೆ. ನಿಮ್ಮ ಡೆಕ್ಕನ್ನು ಓದುವವರು ವಾಟ್ಸಾಪ್‌ನಲ್ಲಿ ಬಂದ ಪಿಡಿಎಫ್ ತೆರೆಯುವವರಾದರೆ ಫೋನಿನಲ್ಲೇ ತೋರಿಸಿ. ಐದು ಎಣಿಸಿ ಫೋನ್ ತಿರುಗಿಸಿಕೊಳ್ಳಿ, ಸಾಕು.

ಪರದೆ ಕಪ್ಪಾದ ಮೇಲೆ 'ಅರ್ಥ ಆಯ್ತಾ?' ಅಂತ ಕೇಳಬೇಡಿ. ನಮ್ಮವರು ಯಾರೂ 'ಇಲ್ಲ' ಅನ್ನುವುದಿಲ್ಲ. 'ಏನು ಹೇಳಿದ್ದಾರೆ? ಪಕ್ಕದ ಮನೆಯವರಿಗೆ ಹೇಳೋ ಹಾಗೆ ಹೇಳಿ' ಅನ್ನಿ. ಅವರ ಮಾತನ್ನು ಹಾಗೇ ಬರೆದುಕೊಳ್ಳಿ, ತಿದ್ದಬೇಡಿ. ಆಮೇಲೆ 'ಮೊದಲು ಕಣ್ಣಿಗೆ ಬಿದ್ದದ್ದು ಏನು?' ಅಂತ ಕೇಳಿ. ಅಷ್ಟು ಬಿಟ್ಟು ಬೇರೆ ಮಾತು ಬೇಡ. 'ಅಲ್ಲ ಅಲ್ಲ, ಅದು ಹಾಗಲ್ಲ' ಅಂದಿರೋ, ಮುಂದಿನ ಸ್ಲೈಡಿಗೆ ಅವರು ಹೊಸಬರಾಗಿ ಉಳಿಯುವುದಿಲ್ಲ. ನನಗೆ ಇದೇ ಎಲ್ಲಕ್ಕಿಂತ ಕಷ್ಟವಾಗಿತ್ತು.

ಅತ್ತಿಗೆ ನಾಲ್ಕನೇ ಸ್ಲೈಡಿನಲ್ಲಿ ಮುಗ್ಗರಿಸಿದರು. ಅಲ್ಲ, ಸ್ಲೈಡೇ ಮುಗ್ಗರಿಸಿತು. ಶೀರ್ಷಿಕೆ 'ಮಾರುಕಟ್ಟೆ ವಿಶ್ಲೇಷಣೆ'. ಕೆಳಗೆ 15 ಕೆಜಿ ಬಾಕ್ಸಿನ ಬೆಲೆ, 24 ತಿಂಗಳಿಗೆ 24 ಕಂಬ. ಹಾಳೆಯಲ್ಲಿ ನಾನು ಬರೆದಿದ್ದ ವಾಕ್ಯ: 'ಬೆಲೆ ಬಿದ್ದ ತಿಂಗಳಲ್ಲಿ ಹಣ್ಣು ಕಿತ್ತ ಕೂಲಿಯೂ ಹುಟ್ಟುವುದಿಲ್ಲ.' ಅತ್ತಿಗೆ ಹೇಳಿದ್ದು: 'ಟೊಮೆಟೊಗೆ ಭಾರಿ ರೇಟು ಬರುತ್ತೆ ಅಂತ. ಹಾಗಿದ್ದರೆ ಒಣಗಿಸೋದು ಯಾಕೆ?'

ತಪ್ಪು ಅವರದಲ್ಲ. 2023ರ ಜುಲೈನಲ್ಲಿ ಕೋಲಾರದಲ್ಲಿ ಬಾಕ್ಸ್ 2,000 ರೂಪಾಯಿ ದಾಟಿತ್ತು, ನೆನಪಿದೆಯಲ್ವಾ? ಆ ಒಂದು ಕಂಬ ಸ್ಲೈಡಿನ ತುದಿ ಮುಟ್ಟಿತ್ತು. ಅದರ ಮುಂದೆ ಉಳಿದವೆಲ್ಲ ಕುಳ್ಳಾಗಿ ಹೋಗಿದ್ದವು. ನಾನು ತೋರಿಸಬೇಕಿದ್ದ ನಷ್ಟದ ತಿಂಗಳುಗಳು ನೆಲಕ್ಕೆ ಅಂಟಿಕೊಂಡಿದ್ದವು. ಇನ್ನಿಬ್ಬರು ಹೊಸಬರಿಗೆ ತೋರಿಸಿದೆ. ಇಬ್ಬರದೂ ಅದೇ ಉತ್ತರ.

ಈ ಉತ್ತರಗಳನ್ನು ಓದುವುದರಲ್ಲಿ ಒಂದು ಸೂಕ್ಷ್ಮ ಇದೆ. ಮೂವರೂ ಒಂದೇ ತಪ್ಪು ಮಾತು ಹೇಳಿದರೆ ಅದು ಒಳ್ಳೆಯ ಸುದ್ದಿ. ಸ್ಲೈಡಿಗೆ ಬಲವಾದ ದನಿ ಇದೆ, ಅದು ತಪ್ಪು ಜಾಗದಿಂದ ಬರುತ್ತಿದೆ ಅಷ್ಟೇ. ಮೂವರೂ ಮೂರು ಬೇರೆ ಬೇರೆ ಮಾತು ಹೇಳಿದರೆ ಎರಡು ಮೂರು ಸಂಗತಿ ಒಂದೇ ಸ್ಲೈಡಿನಲ್ಲಿ ಜಗಳ ಆಡುತ್ತಿವೆ, ಒಡೆದು ಬೇರೆ ಮಾಡಿ. 'ಬೆಲೆ ಬಗ್ಗೆ ಏನೋ ಇತ್ತು' ಅಂದರೆ ಶೀರ್ಷಿಕೆ ಬರೀ ಹೆಸರಿನ ಚೀಟಿ, ಏನನ್ನೂ ಹೇಳುತ್ತಿಲ್ಲ.

ನಾನು ಕಂಬಗಳನ್ನು ಬಿಟ್ಟುಬಿಟ್ಟೆ. ಜುಲೈ ಕಂಬವನ್ನು ಅರ್ಧಕ್ಕೆ ಕತ್ತರಿಸಿ ತೋರಿಸಬಹುದಿತ್ತು, ಆದರೆ ಬ್ಯಾಂಕಿನವರ ಮುಂದೆ ಅದು ಸುಳ್ಳಿನಂತೆ ಕಾಣುತ್ತದೆ. ಬದಲಿಗೆ 24 ಚೌಕ ಬಿಡಿಸಿದೆ, ತಿಂಗಳಿಗೊಂದು. ಕೀಳುವ ಮತ್ತು ಸಾಗಿಸುವ ಖರ್ಚಿಗಿಂತ ಬೆಲೆ ಕೆಳಗಿದ್ದ ತಿಂಗಳಿಗೆ ಕೆಂಪು, ಉಳಿದದ್ದಕ್ಕೆ ಬೂದು. ಆ ಜುಲೈ ಕೂಡ ಅಲ್ಲೇ ಇದೆ, ಒಂದು ಬೂದು ಚೌಕವಾಗಿ. ಹಾಳೆಯ ವಾಕ್ಯವೇ ಶೀರ್ಷಿಕೆ ಆಯಿತು.

ಮತ್ತೆ ಮೂವರು ಹೊಸಬರು. ಇಬ್ಬರು ಸರಿಯಾಗಿ ಹೇಳಿದರು. ಮೂರನೆಯವರು 'ಕೆಂಪು ಮನೆ ಜಾಸ್ತಿ ಇದ್ದವು, ಯಾಕೆ ಅಂತ ಗೊತ್ತಾಗಲಿಲ್ಲ' ಅಂದರು. ಕೆಂಪು ಅಂದರೇನು ಅನ್ನುವ ವಿವರ ಕೆಳಗಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿತ್ತು. ಅದನ್ನು ಚೌಕಗಳ ಪಕ್ಕಕ್ಕೇ ತಂದೆ.

ಈ ಪರೀಕ್ಷೆಯೇ ಮೋಸ ಮಾಡುವ ಒಂದು ಜಾಗ ಇದೆ, ಇದು ನನಗೆ ತಡವಾಗಿ ತಿಳಿಯಿತು. ಎರಡು ಮೂರು ಸ್ಲೈಡ್ ಆಗುವಷ್ಟರಲ್ಲಿ ಕೂತವರಿಗೆ ಆಟ ಗೊತ್ತಾಗುತ್ತದೆ. ಹೇಗೂ ಕೇಳುತ್ತಾರೆ ಅಂತ ಮೇಲಿನ ಸಾಲನ್ನಷ್ಟೇ ಓದಿಕೊಂಡು ಒಪ್ಪಿಸುತ್ತಾರೆ. ಆಗ ಆಮೇಲಿನ ಸ್ಲೈಡುಗಳೆಲ್ಲ ಪಾಸಾದಂತೆ ಕಾಣುತ್ತವೆ. ಅವರ ಮಾತು ಶೀರ್ಷಿಕೆಯ ಪದಗಳಲ್ಲೇ ಬರುತ್ತಿದ್ದರೆ ಅನುಮಾನ ಪಡಿ. ಮೊದಲನೆಯವರಿಗೆ ಸರಿಯಾದ ಕ್ರಮದಲ್ಲೇ ತೋರಿಸಿ, ಎರಡನೆಯವರಿಗೆ ನಿಮಗೆ ಯಾವುದರ ಮೇಲೆ ಅನುಮಾನವೋ ಅದರಿಂದ ಶುರು ಮಾಡಿ.

ಸಾಲ ತೀರಿಸುವ ಪಟ್ಟಿ, ಖರ್ಚಿನ ಕೋಷ್ಟಕ ಇವನ್ನು ಐದು ಸೆಕೆಂಡಿಗೆ ಹಾಕಬೇಡಿ. ಅವು ಕೂತು ಓದುವಂಥವು. ಮತ್ತೆ, ಮಾತು ತಲುಪಿತು ಅಂದಮಾತ್ರಕ್ಕೆ ಅವರು ಅದನ್ನು ನಂಬಿದರು ಅಂತಲ್ಲ. ಅತ್ತಿಗೆ ಹೊಸ ಸ್ಲೈಡ್ ನೋಡಿ 'ಸರಿ, ಆದರೆ ಒಣಗಿದ ಟೊಮೆಟೊ ಕೊಳ್ಳೋರು ಯಾರು?' ಅಂದರು. ಅದಕ್ಕೆ ನನ್ನ ಯಾವ ಸ್ಲೈಡಿನಲ್ಲೂ ಉತ್ತರ ಇರಲಿಲ್ಲ.

ಎಲ್ಲ ಮುಗಿದ ಮೇಲೆ ಒಂದು ಕೊನೆಯ ಪ್ರಶ್ನೆ ಕೇಳಿ: 'ಇವರು ಎಷ್ಟು ದುಡ್ಡು ಕೇಳುತ್ತಿದ್ದಾರೆ?' ನಮ್ಮದರಲ್ಲಿ ಒಬ್ಬರಿಗೂ ಗೊತ್ತಾಗಿರಲಿಲ್ಲ. ಮೊತ್ತ ಕೊನೆಗೆ ಎಲ್ಲೋ ಮೂರನೇ ಬುಲೆಟ್‌ನಲ್ಲಿ ಕೂತಿತ್ತು. ಈಗ ಅದು ಎರಡನೇ ಸ್ಲೈಡಿನ ಶೀರ್ಷಿಕೆಯಲ್ಲಿದೆ.

ಹೊಸಬರು ಒಮ್ಮೆ ನೋಡಿದರೆ ಮುಗಿಯಿತು, ಮತ್ತೆ ಹೊಸಬರಲ್ಲ. ಆರು ಜನ ಸಿಕ್ಕರೆ ಮೊದಲ ದಿನ ಮೂವರನ್ನಷ್ಟೇ ಕೂರಿಸಿ, ತಿದ್ದಿದ ಮೇಲೆ ತೋರಿಸಲು ಉಳಿದ ಮೂವರು ಬೇಕಾಗುತ್ತಾರೆ.