ಗಾಸ್ ನಿಯಮ: ಮೇಲ್ಮೈ ಆರಿಸುವ ಮೊದಲು

ಪ್ರಶ್ನೆ: "ಗೋಳಕ್ಕೆ ಗೋಳ, ಉದ್ದ ತಂತಿಗೆ ಸಿಲಿಂಡರ್ ಅಂತ ನೆನಪಿದೆ. ಚಿಕ್ಕ ಕಡ್ಡಿ, ಉಂಗುರ, ಡಿಸ್ಕ್ ಬಂದರೆ ಯಾವ ಗಾಸಿಯನ್ ಮೇಲ್ಮೈ ತೆಗೆದುಕೊಳ್ಳಬೇಕು? ಯಾರಾದರೂ ಪೂರ್ತಿ ಪಟ್ಟಿ ಕೊಡ್ತೀರಾ?"

ಡಿಗ್ರಿ ಮೊದಲ ವರ್ಷದಲ್ಲಿ ನನ್ನ ಹತ್ತಿರ ಇಂಥದೇ ಪಟ್ಟಿ ಇತ್ತು. ನೋಟ್‌ಬುಕ್‌ನ ಕೊನೆಯ ಪುಟದಲ್ಲಿ ಎಡಗಡೆ ಆಕಾರ, ಬಲಗಡೆ ಮೇಲ್ಮೈ. ಅದನ್ನೇ ನಂಬಿಕೊಂಡು ಪರೀಕ್ಷೆಗೆ ಹೋದೆ. ದೊಡ್ಡ ಪ್ರಶ್ನೆಯೊಂದು ಪೂರ್ತಿ ಹೋಯಿತು. ಅದರಿಂದಲೇ ಆ ಪೇಪರ್ ಕೂಡ ಹೋಯಿತು, ಮತ್ತೆ ಕೂತು ಬರೆಯಬೇಕಾಯಿತು. ಹಾಗಾಗಿ ನಾನು ಪಟ್ಟಿ ಕೊಡುವುದಿಲ್ಲ. ಅಲ್ಲದೆ ನೀವು ಹೇಳಿದ ಮೂರು ಆಕಾರಗಳಿಗೂ ಕೆಲಸಕ್ಕೆ ಬರುವ ಮೇಲ್ಮೈ ಅನ್ನುವುದು ಇಲ್ಲವೇ ಇಲ್ಲ.

ಆ ಪ್ರಶ್ನೆ ನನಗೆ ಈಗಲೂ ಅಂಕಿ ಸಮೇತ ನೆನಪಿದೆ. 20 ಸೆಂ.ಮೀ. ಉದ್ದದ ತೆಳು ಕಡ್ಡಿ. ಅದರ ಉದ್ದಕ್ಕೂ 4 ನ್ಯಾನೋಕೂಲಂಬ್ ಆವೇಶ ಒಂದೇ ಸಮ ಹರಡಿದೆ. ಕಡ್ಡಿಯ ನಟ್ಟನಡುವಿನಿಂದ ನೇರ ಪಕ್ಕಕ್ಕೆ 10 ಸೆಂ.ಮೀ. ದೂರದಲ್ಲಿ ವಿದ್ಯುತ್ ಕ್ಷೇತ್ರ ಎಷ್ಟು? ಆಮೇಲಿನ ಎರಡು ಭಾಗಗಳು ಈ ಉತ್ತರದ ಮೇಲೆಯೇ ನಿಂತಿದ್ದವು.

ಕಡ್ಡಿ ಅಂದ ತಕ್ಷಣ ನನ್ನ ಪಟ್ಟಿ ಸಿಲಿಂಡರ್ ಅಂದಿತು. ಕಡ್ಡಿಯ ಸುತ್ತ 10 ಸೆಂ.ಮೀ. ತ್ರಿಜ್ಯದ, 20 ಸೆಂ.ಮೀ. ಉದ್ದದ ಸಿಲಿಂಡರ್ ಬರೆದೆ. ಮೀಟರಿಗೆ 20 ನ್ಯಾನೋಕೂಲಂಬ್, ಅದು λ. ಎರಡು ತುದಿಯ ಮುಚ್ಚಳಗಳಲ್ಲಿ ಫ್ಲಕ್ಸ್ ಸೊನ್ನೆ ಅಂತ ಬರೆದು ಮುಂದೆ ಹೋದೆ:

```
E · 2πrL = λL / ε₀
E = λ / (2πε₀r) = 3600 N/C
```

ಸುಮ್ನೆ ಬಿಡಲಿಲ್ಲ, ತಾಳೆ ಕೂಡ ನೋಡಿದೆ. ಇಡೀ 4 ನ್ಯಾನೋಕೂಲಂಬ್ ನಡುವಿನ ಒಂದೇ ಬಿಂದುವಿನಲ್ಲಿ ಇದೆ ಅಂದುಕೊಂಡರೆ ಎಷ್ಟು ಬರುತ್ತದೆ ಅಂತ kQ/r² ಹಾಕಿದೆ. ಅದೂ 3600! ಎರಡು ದಾರಿಯಲ್ಲಿ ಒಂದೇ ಉತ್ತರ ಬಂದರೆ ಯಾರಿಗೆ ಅನುಮಾನ ಬರುತ್ತದೆ ಹೇಳಿ. ನಿಶ್ಚಿಂತೆಯಿಂದ ಉಳಿದ ಎರಡು ಭಾಗ ಮುಗಿಸಿದೆ.

ಸರಿ ಉತ್ತರ 2546 N/C.

ಈ ಹೊಂದಾಣಿಕೆ ಬರೀ ಆಕಸ್ಮಿಕ. ಉದ್ದ ತಂತಿಯ ಸೂತ್ರವನ್ನು 2kQ/(Lr) ಅಂತ ಬರೆದು ನೋಡಿ. ದೂರ r ಕಡ್ಡಿಯ ಅರ್ಧ ಉದ್ದಕ್ಕೆ ಸರಿಯಾಗಿದ್ದಾಗ, ಅಂದರೆ L = 2r ಆದಾಗ, ಅದು ತಾನೇ kQ/r² ಆಗಿಬಿಡುತ್ತದೆ. ನನಗೆ ಸಿಕ್ಕ ಅಂಕಿಗಳು ಅಂಥವೇ ಆಗಿದ್ದವು. ತಾಳೆ ನೋಡಿದ್ದು ತಪ್ಪಲ್ಲ, ಆದರೆ ಆ ಅಂಕಿಯನ್ನು ಓದಬೇಕಾದ ರೀತಿ ಬೇರೆ ಇತ್ತು. ಕಡ್ಡಿಯ ನಡುಭಾಗ ಮಾತ್ರ ಆ ಬಿಂದುವಿಗೆ 10 ಸೆಂ.ಮೀ. ದೂರದಲ್ಲಿದೆ. ಮಿಕ್ಕ ಆವೇಶವೆಲ್ಲ ಅದಕ್ಕಿಂತ ದೂರ. ತುದಿಗಳಂತೂ ಸುಮಾರು 14 ಸೆಂ.ಮೀ. ಆಚೆ ಇವೆ, ಅವುಗಳ ಕ್ಷೇತ್ರ ಓರೆಯಾಗಿ ಬರುವುದರಿಂದ ಅದರಲ್ಲೂ ಒಂದು ಭಾಗ ಮಾತ್ರ ಲೆಕ್ಕಕ್ಕೆ ಸೇರುತ್ತದೆ. ಹಾಗಾದರೆ ಉತ್ತರ 3600ಕ್ಕಿಂತ ಕಡಿಮೆ ಇರಲೇಬೇಕು. ಒಂದೇ ನಿಮಿಷ ಹೀಗೆ ಯೋಚಿಸಿದ್ದರೆ ಸಿಲಿಂಡರ್ ಉತ್ತರ ತಪ್ಪು ಅಂತ ಅಲ್ಲೇ ಗೊತ್ತಾಗುತ್ತಿತ್ತು.

ಗಾಸ್ ನಿಯಮ ಇಲ್ಲಿ ಸುಳ್ಳಾಯಿತಾ ಅಂತ ನಾನು ತುಂಬಾ ದಿನ ತಲೆ ಕೆಡಿಸಿಕೊಂಡೆ. ಆಗಿಲ್ಲ. ಆ ಸಿಲಿಂಡರ್‌ನಿಂದ ಹೊರಬೀಳುವ ಒಟ್ಟು ಫ್ಲಕ್ಸ್ Q/ε₀ ಅಷ್ಟೇ, ಸುಮಾರು 452 N·m²/C. ಕಡ್ಡಿ ಚಿಕ್ಕದಿರಲಿ, ಸೊಟ್ಟಗಿರಲಿ, ಒಳಗಿನ ಆವೇಶ ಅಷ್ಟೇ ಇದ್ದರೆ ಆ ಮೊತ್ತ ಬದಲಾಗುವುದಿಲ್ಲ. ಆದರೆ ಆ 452 ಎಲ್ಲೆಲ್ಲಿಂದ ಹೊರಗೆ ಹೋಗುತ್ತದೆ ಅನ್ನುವುದನ್ನು ನಿಯಮ ಹೇಳುವುದೇ ಇಲ್ಲ. ಆಮೇಲೆ ಕೂತು ಲೆಕ್ಕ ಹಾಕಿದೆ. ಎರಡು ಮುಚ್ಚಳಗಳಿಂದ ಶೇಕಡಾ 38ರಷ್ಟು ಹೋಗುತ್ತದೆ. ನಾನು ಸೊನ್ನೆ ಅಂತ ಬರೆದಿದ್ದ ಜಾಗ ಅದು. ಪಕ್ಕದ ಬಾಗಿದ ಮೈಯಿಂದ ಹೋಗುವುದು ಶೇಕಡಾ 62 ಮಾತ್ರ. ಆ ಮೈಮೇಲೂ ಕ್ಷೇತ್ರ ಒಂದೇ ಸಮ ಇಲ್ಲ. ಹೊರಮುಖವಾದ ಭಾಗ ನಡುವಿನಲ್ಲಿ 2546, ಅಂಚಿಗೆ ಬಂದರೆ ಸುಮಾರು 1610, ಸರಾಸರಿ 2225.

ನನ್ನ ತಪ್ಪು ಇದರಲ್ಲೇ ಇದೆ, ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಯಮದ ಎಡಗಡೆ ಇರುವುದು E ಅಲ್ಲ, E ಯ ಇಂಟಿಗ್ರಲ್. ಮೇಲ್ಮೈಯ ಚೂರುಚೂರಿನಲ್ಲೂ ಕ್ಷೇತ್ರದ ಹೊರಮುಖ ಭಾಗವನ್ನು ಆ ಚೂರಿನ ವಿಸ್ತೀರ್ಣದಿಂದ ಗುಣಿಸಿ ಎಲ್ಲ ಕೂಡಿಸಿದ ಮೊತ್ತ. ಮೊತ್ತ ಗೊತ್ತಾದ ಮಾತ್ರಕ್ಕೆ ಒಂದೊಂದು ಚೂರಿನ ಬೆಲೆ ಗೊತ್ತಾಗುವುದಿಲ್ಲ, ಅಲ್ವಾ? E ಯನ್ನು ಇಂಟಿಗ್ರಲ್‌ನಿಂದ ಹೊರಗೆ ತೆಗೆದು E · 2πrL ಅಂತ ಬರೆಯುವ ಹಕ್ಕು ಬರುವುದು ಎರಡು ಸಂಗತಿ ಮೊದಲೇ ಗೊತ್ತಿದ್ದಾಗ. ಒಂದು, ಬಾಗಿದ ಮೈಯ ಎಲ್ಲ ಕಡೆ ಹೊರಮುಖ ಭಾಗ ಒಂದೇ. ಇನ್ನೊಂದು, ಮುಚ್ಚಳಗಳಿಂದ ಏನೂ ಹೊರಗೆ ಹೋಗುವುದಿಲ್ಲ. ಇವೆರಡನ್ನೂ ಗಾಸ್ ನಿಯಮ ಕೊಡುವುದಿಲ್ಲ. ಇವು ಆವೇಶ ಹರಡಿರುವ ರೀತಿಯ ಸಮಮಿತಿಯಿಂದ, ಅಂದರೆ ಸಿಮೆಟ್ರಿಯಿಂದ ಬರಬೇಕು.

ಕೊನೆಯೇ ಇಲ್ಲದ ತಂತಿಗೆ ಅದು ಹೇಗೆ ಬರುತ್ತದೆ ನೋಡಿ. ತಂತಿಯನ್ನು ಅದರ ಉದ್ದಕ್ಕೆ ಸ್ವಲ್ಪ ಸರಿಸಿದರೆ ಏನೂ ಬದಲಾಗುವುದಿಲ್ಲ, ಹಾಗಾಗಿ ಕ್ಷೇತ್ರ ಉದ್ದಕ್ಕೂ ಒಂದೇ. ತನ್ನ ಸುತ್ತ ತಾನೇ ತಿರುಗಿಸಿದರೂ ಬದಲಾಗುವುದಿಲ್ಲ, ಹಾಗಾಗಿ ಸುತ್ತಲೂ ಒಂದೇ. ತುದಿ ಅದಲುಬದಲು ಮಾಡಿ ಹಿಡಿದರೂ ಅದೇ ತಂತಿ, ಹಾಗಾಗಿ ತಂತಿಯ ಉದ್ದದ ದಿಕ್ಕಿನಲ್ಲಿ ಕ್ಷೇತ್ರ ಇರಲಾರದು. ಇದ್ದರೆ ಯಾವ ಕಡೆಗೆ ತೋರಿಸಬೇಕು? ತಂತಿಯ ಮೂಲಕ ಹಾಯುವ ಕನ್ನಡಿಯಲ್ಲಿ ನೋಡಿದರೂ ಅದೇ ತಂತಿ, ಹಾಗಾಗಿ ಸುತ್ತು ಹಾಕುವ ಕ್ಷೇತ್ರವೂ ಇಲ್ಲ. ಉಳಿದದ್ದು ನೇರ ಹೊರಗೆ ಹೋಗುವ, r ಮೇಲೆ ಮಾತ್ರ ನಿಂತಿರುವ ಕ್ಷೇತ್ರ. ಇಷ್ಟಾದ ಮೇಲೆ ಸಿಲಿಂಡರ್ ತಾನಾಗಿ ಸಿಗುತ್ತದೆ, ಅದನ್ನು ನೆನಪಿಡುವ ಅಗತ್ಯವೇ ಇಲ್ಲ.

ಈಗ ಇದೇ ನಾಲ್ಕು ಪರೀಕ್ಷೆ ನನ್ನ 20 ಸೆಂ.ಮೀ. ಕಡ್ಡಿಗೆ ಮಾಡಿ. ಮೊದಲನೆಯದರಲ್ಲೇ ಬೀಳುತ್ತದೆ. ಸರಿಸಿದರೆ ತುದಿಗಳು ಸರಿಯುತ್ತವೆ, ಬೇರೆ ಜಾಗದ ಕಡ್ಡಿ ಆಗುತ್ತದೆ. ತುದಿ ಅದಲುಬದಲು ಪರೀಕ್ಷೆ ಪಾಸಾಗುತ್ತದೆ, ಆದರೆ ನಟ್ಟನಡುವಿನ ಬಗ್ಗೆ ಮಾತ್ರ ಅದು ಮಾತಾಡುತ್ತದೆ. ನನಗೆ ಮೋಸವಾಗಿದ್ದು ಇಲ್ಲಿ. "ನಡುವಿನ ಬಿಂದು, ಎರಡೂ ಕಡೆ ಸಮ, ಸಮಮಿತಿ ಇದೆ" ಅಂದುಕೊಂಡೆ. ನಿಜ, ಆ ಬಿಂದುವಿನಲ್ಲಿ ಕ್ಷೇತ್ರ ನೇರ ಹೊರಗೇ ಇದೆ. ಆದರೆ ಒಂದು ಬಿಂದುವಿನಲ್ಲಿ ದಿಕ್ಕು ಗೊತ್ತಾದರೆ ಸಾಲದು. ಇಡೀ ಮೇಲ್ಮೈಯ ಬಗ್ಗೆ ಗೊತ್ತಿರಬೇಕು.

ಇದರಲ್ಲಿ ಇನ್ನೊಂದು ವಿಷಯ ಅಡಗಿದೆ, ನನಗೆ ಅದು ಅರ್ಥವಾಗಲು ಜಾಸ್ತಿ ಸಮಯ ಹಿಡಿಯಿತು. ಅದೇ λ ಇರುವ ಕೊನೆಯಿಲ್ಲದ ತಂತಿಯ ಪಕ್ಕ, 10 ಸೆಂ.ಮೀ. ದೂರದಲ್ಲಿ ಕ್ಷೇತ್ರ ನಿಜವಾಗಿಯೂ 3600. ಸಿಲಿಂಡರ್ ಒಳಗಿರುವುದು ಅದೇ 20 ಸೆಂ.ಮೀ. ತುಂಡು, ಅದರ ಪಾಲು 2546. ಮಿಕ್ಕ 1054 ಎಲ್ಲಿಂದ ಬಂತು? ಸಿಲಿಂಡರ್‌ನ ಆಚೆ, ಎರಡೂ ಕಡೆ ಚಾಚಿರುವ ತಂತಿಯಿಂದ. ಅಂದರೆ ಬಲಗಡೆ ಒಳಗಿನ ಆವೇಶ ಮಾತ್ರ ಬರೆದರೂ, ಎಡಗಡೆಯ E ಎಲ್ಲ ಆವೇಶಗಳದ್ದು. ಹೊರಗಿನ ಆವೇಶ ಒಟ್ಟು ಫ್ಲಕ್ಸ್‌ಗೆ ಏನೂ ಸೇರಿಸುವುದಿಲ್ಲ. ಆದರೆ ಅದೇ ಫ್ಲಕ್ಸನ್ನು ಮುಚ್ಚಳಗಳಿಂದ ತಳ್ಳಿ ಪಕ್ಕದ ಮೈಗೆ ಕಳಿಸುತ್ತದೆ. "E ಒಳಗಿನ ಆವೇಶದಿಂದ ಮಾತ್ರ ಬರುತ್ತದೆ" ಅಂತ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ.

ಹಾಗಾದರೆ ಕಡ್ಡಿಗೆ ಏನು ಮಾಡುವುದು? ಕೂಲಂಬ್ ನಿಯಮದಿಂದ ಕೂಡಿಸಬೇಕು, ಬೇರೆ ಅಡ್ಡದಾರಿ ಇಲ್ಲ. ಚಿಕ್ಕ ತುಂಡು dx ತೆಗೆದುಕೊಂಡು, ಅದರ ಹೊರಮುಖ ಭಾಗ kλr dx/(r²+x²)^(3/2) ಅಂತ ಬರೆದು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಇಂಟಿಗ್ರೇಟ್ ಮಾಡಿದರೆ ನಡುವಿನ ಉತ್ತರ ಸಿಗುತ್ತದೆ:

```
E = kQ / ( r √(r² + L²/4) )
```

ಉತ್ತರ ಬಂದ ಮೇಲೆ ತುಂಬಾ ಹತ್ತಿರದ ದೂರ, ತುಂಬಾ ದೊಡ್ಡ ದೂರ ಎರಡನ್ನೂ ಹಾಕಿ ನೋಡಿ. ಕಡ್ಡಿಯಿಂದ 1 ಸೆಂ.ಮೀ. ದೂರದಲ್ಲಿ ಇದು ಸುಮಾರು 35,820, ಉದ್ದ ತಂತಿಯ ಸೂತ್ರ 36,000. ವ್ಯತ್ಯಾಸ ಅರ್ಧ ಶೇಕಡಾ ಮಾತ್ರ. ಅಷ್ಟು ಹತ್ತಿರ, ಅದೂ ತುದಿಗಳಿಂದ ದೂರ ಇದ್ದಾಗ, ಸಿಲಿಂಡರ್ ಬಳಸಿ, ಅಂದಾಜು ಅಂತ ಪಕ್ಕದಲ್ಲಿ ಬರೆದುಕೊಳ್ಳಿ. 1 ಮೀಟರ್ ದೂರದಲ್ಲಿ ನಿಜವಾದ ಉತ್ತರ ಸುಮಾರು 35.8. ತಂತಿಯ ಸೂತ್ರ 360 ಅನ್ನುತ್ತದೆ, ಹತ್ತು ಪಟ್ಟು ತಪ್ಪು. ಅಲ್ಲಿ ಕಡ್ಡಿ ಬಿಂದುವಿನ ಹಾಗೆ ಕಾಣುತ್ತದೆ. ಅಷ್ಟು ದೂರದಲ್ಲಿ ಕ್ಷೇತ್ರ 1/r² ಪ್ರಕಾರ ಇಳಿಯಬೇಕು. ನಿಮ್ಮ ಸೂತ್ರ ಆಗಲೂ 1/r ಅಂತಲೇ ಹೇಳುತ್ತಿದ್ದರೆ ಅದು ಈ ಕಡ್ಡಿಯ ಸೂತ್ರ ಅಲ್ಲ.

ಉಂಗುರಕ್ಕೂ ಇದೇ ಕಥೆ. ಅಕ್ಷದ ಮೇಲೆ ದಿಕ್ಕು ಗೊತ್ತು, ಅಕ್ಷ ಬಿಟ್ಟ ತಕ್ಷಣ ದಿಕ್ಕೂ ಗೊತ್ತಿಲ್ಲ, ಬೆಲೆಯೂ ಗೊತ್ತಿಲ್ಲ. ಅಕ್ಷ ಒಂದು ಗೆರೆ, ಅದರಿಂದ ಮುಚ್ಚಿದ ಮೇಲ್ಮೈ ಕಟ್ಟಲು ಆಗುವುದಿಲ್ಲ.

ಡಿಸ್ಕ್‌ನಲ್ಲಿ ಮಾತ್ರ ಇನ್ನೂ ಜಾಸ್ತಿ ಎಚ್ಚರ ಬೇಕು. ತುಂಬಾ ಹತ್ತಿರ ಹೋದರೆ ಕೊನೆಯಿಲ್ಲದ ಹಾಳೆಯ σ/2ε₀ ಬಳಸಬಹುದು ಅಂತ ಎಲ್ಲರೂ ಹೇಳುತ್ತಾರೆ. ಎಷ್ಟು ಹತ್ತಿರ? ಡಿಸ್ಕ್‌ನ ಅಕ್ಷದ ಮೇಲೆ ಕ್ಷೇತ್ರ (σ/2ε₀)(1 − z/√(z²+R²)). ತ್ರಿಜ್ಯ 10 ಸೆಂ.ಮೀ., ದೂರ 1 ಸೆಂ.ಮೀ. ಹಾಕಿ ನೋಡಿ. ಹಾಳೆಯ ಉತ್ತರಕ್ಕಿಂತ ಶೇಕಡಾ 10 ಕಡಿಮೆ ಬರುತ್ತದೆ. ಅದೇ ಅಳತೆಗೆ ಕಡ್ಡಿಯಲ್ಲಿ ಅರ್ಧ ಶೇಕಡಾ ಇತ್ತು. ಕಡ್ಡಿಯಲ್ಲಿ ತಪ್ಪು ದೂರದ ವರ್ಗದ ಹಾಗೆ ಕುಗ್ಗುತ್ತದೆ, ಡಿಸ್ಕ್‌ನಲ್ಲಿ ದೂರದಷ್ಟೇ ನಿಧಾನ ಕುಗ್ಗುತ್ತದೆ. ಶೇಕಡಾ 1ರ ಒಳಗೆ ಬರಬೇಕಾದರೆ ಈ ಡಿಸ್ಕ್‌ಗೆ 1 ಮಿ.ಮೀ. ಹತ್ತಿರ ಹೋಗಬೇಕು.