ಎರಡು ಸಲ ಬೌನ್ಸ್ ಆದ ಎಸ್‌ಐಪಿ: ರದ್ದು ಮಾಡುವ ಮೊದಲು

ಗೀತಾ, ಹೊಸನಗರ: ಡೈರಿ ದುಡ್ಡು ಬರುವ ಖಾತೆಯಿಂದ ಪ್ರತಿ ತಿಂಗಳು 5ಕ್ಕೆ 3,000 ರೂಪಾಯಿ ಮ್ಯೂಚುವಲ್ ಫಂಡಿಗೆ ಹೋಗುವ ಹಾಗೆ ಎಸ್‌ಐಪಿ ಮಾಡಿಸಿದ್ದೆ. ಮೊದಲ ಕಂತು ಹೋಗಿದ್ದು ಹೋದ ವರ್ಷ ಸೆಪ್ಟೆಂಬರಿನಲ್ಲಿ. ಈಗ ಆಗಸ್ಟ್, ಸೆಪ್ಟೆಂಬರ್ ಎರಡೂ ತಿಂಗಳು ಬೌನ್ಸ್ ಆಗಿದೆ, ಎರಡು ಸಲವೂ ಬ್ಯಾಂಕಿನವರು 590 ಹಿಡಿದಿದ್ದಾರೆ. ಆಗಸ್ಟ್ 5ರ ಬೆಳಗ್ಗೆ 11ಕ್ಕೆ ನೋಡಿದಾಗ 3,400 ಇತ್ತು. ಸೆಪ್ಟೆಂಬರಿನಲ್ಲಿ ಅದಕ್ಕಿಂತ ಜಾಸ್ತಿಯೇ ಇತ್ತು. ರದ್ದು ಮಾಡಿ ಹೊಸದು ಮಾಡಿಸಲೋ ಹೇಗೆ?

ಮಂಜಪ್ಪ, ಸೊರಬ: ಮೂರನೇ ಸಲವೂ ಬೌನ್ಸ್ ಆದರೆ ಫಂಡಿನವರು ದಂಡ ಹಾಕಿ ಹಾಕಿದ ದುಡ್ಡು ಲಾಕ್ ಮಾಡ್ತಾರೆ ಅಕ್ಕಾ. ನಾಳೆಯೇ ಬ್ಯಾಂಕಿಗೆ ಹೋಗಿ ಮ್ಯಾಂಡೇಟ್ ನಿಲ್ಲಿಸಿ.

ಸತೀಶ, ಶಿಕಾರಿಪುರ: ನಮ್ಮ ಟ್ರ್ಯಾಕ್ಟರ್ ಸಾಲದ ಕಂತು ಹೀಗೇ ಬೌನ್ಸ್ ಆಗಿ ಸಿಬಿಲ್ ಸ್ಕೋರ್ ಬಿದ್ದುಹೋಯ್ತು. ಹುಷಾರು.

ರಾಘವೇಂದ್ರ, ತೀರ್ಥಹಳ್ಳಿ: ಗೀತಕ್ಕ, ಬ್ಯಾಂಕಿಗೆ ಹೋಗಿ ಮ್ಯಾಂಡೇಟ್ ನಿಲ್ಲಿಸುವುದು ಮಾತ್ರ ಬೇಡ. ಮಂಜಪ್ಪಣ್ಣ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ತಿಂಗಳ ಕಂತು ಸತತ ಮೂರು ಸಲ ತಪ್ಪಿದರೆ ಫಂಡ್ ಕಂಪನಿ ಆ ಎಸ್‌ಐಪಿಯನ್ನು ನಿಲ್ಲಿಸುತ್ತದೆ, ಅಷ್ಟೇ. ದಂಡ ಹಾಕುವುದು ಬ್ಯಾಂಕು, ಫಂಡಿನವರಲ್ಲ. ಈಗಾಗಲೇ ಬಂದಿರುವ ಯೂನಿಟ್‌ಗಳು ನಿಮ್ಮ ಫೋಲಿಯೋದಲ್ಲಿ, ಅಂದರೆ ಫಂಡಿನಲ್ಲಿರುವ ನಿಮ್ಮ ಖಾತೆಯಲ್ಲಿ, ಹಾಗೇ ಇರುತ್ತವೆ, ಬೇಕೆಂದಾಗ ಮಾರಬಹುದು. ಸತೀಶ ಹೇಳಿದ್ದು ಸಾಲದ ಕಥೆ. ಎಸ್‌ಐಪಿ ಸಾಲವಲ್ಲ, ತಪ್ಪಿದ ಕಂತು ಸಿಬಿಲ್‌ಗೆ ಹೋಗುವುದಿಲ್ಲ.

ನಿಮ್ಮ ಎರಡು ಬೌನ್ಸ್‌ಗೆ ಕಾರಣ ಒಂದೇ ಅಲ್ಲ ಅಂತ ನನ್ನ ಅನುಮಾನ. ಮೊದಲು ಆಗಸ್ಟ್ ನೋಡಿ. ಬ್ಯಾಂಕಿಗೆ ಕಂತಿನ ಬೇಡಿಕೆ ಸಾಮಾನ್ಯವಾಗಿ ಬೆಳಗ್ಗೆ ಬೇಗ ಬಂದುಬಿಡುತ್ತದೆ. ಆ ಹೊತ್ತಿಗೆ ಖಾತೆಯಲ್ಲಿ ಎಷ್ಟಿತ್ತು ಅನ್ನುವುದೇ ಲೆಕ್ಕ, 11 ಗಂಟೆಗೆ ಎಷ್ಟಿತ್ತು ಅನ್ನುವುದಲ್ಲ. ಡೈರಿ ಬಟವಾಡೆ ಅವತ್ತೇ 10ರ ಮೇಲೆ ಜಮಾ ಆಗಿದ್ದರೆ ಕಂತು ಅಷ್ಟರಲ್ಲೇ ಮರಳಿ ಹೋಗಿರುತ್ತದೆ. ಪಾಸ್‌ಬುಕ್‌ನಲ್ಲಿ ಗಂಟೆ ಇರುವುದಿಲ್ಲ, ಹಾಗಾಗಿ ಎಸ್‌ಎಂಎಸ್ ತೆಗೆದು 4ರ ರಾತ್ರಿಯ ಬಾಕಿ ನೋಡಿ. ಕಂತಿನ ಹಣ ಹಿಂದಿನ ಸಂಜೆಯೇ ಇರಬೇಕು. ಕನಿಷ್ಠ ಬಾಕಿ ಬಿಟ್ಟು ಮೇಲೆ ಅಷ್ಟು ಇದ್ದರೆ ಇನ್ನೂ ನಿಶ್ಚಿಂತೆ.

ಸೆಪ್ಟೆಂಬರ್ ಬೇರೆ. ಎಸ್‌ಐಪಿಗೆ ಅವತ್ತೇ ಒಂದು ವರ್ಷ ತುಂಬಿದ್ದು, ಗಮನಿಸಿ. ಅರ್ಜಿ ಹಾಕುವಾಗ ಸ್ಟೆಪ್-ಅಪ್ ಅಥವಾ ಟಾಪ್-ಅಪ್ ಅಂತ ಒಂದು ಜಾಗ ಇರುತ್ತದೆ. ವರ್ಷಕ್ಕೆ 10% ಏರಿಸಿ ಅಂತ ಅಲ್ಲಿ ಟಿಕ್ ಬಿದ್ದಿದ್ದರೆ 13ನೇ ಕಂತು 3,000 ಅಲ್ಲ, 3,300. ಮ್ಯಾಂಡೇಟ್ ಮಾಡಿಸುವಾಗ ಗರಿಷ್ಠ ಮೊತ್ತ 3,000 ಅಂತಲೇ ಹಾಕಿದ್ದರೆ ಖಾತೆಯಲ್ಲಿ ಲಕ್ಷ ಇದ್ದರೂ 3,300 ಹೋಗುವುದಿಲ್ಲ. ಕೆಲವು ಕಡೆ ಫಂಡಿನವರೇ ಅದನ್ನು ತಡೆಯುತ್ತಾರೆ, ಕೆಲವು ಕಡೆ ಬ್ಯಾಂಕಿನವರೆಗೂ ಹೋಗಿ ವಾಪಸ್ ಬರುತ್ತದೆ. ಆ್ಯಪ್‌ನಲ್ಲಿ ಸೆಪ್ಟೆಂಬರ್ ಕಂತಿನ ಮೊತ್ತ ಎಷ್ಟು ತೋರಿಸಿದೆ, ಪಕ್ಕದಲ್ಲಿ ಕಾರಣ ಏನು ಬರೆದಿದೆ ನೋಡಿ. Balance insufficient ಅಂತಿದ್ದರೆ ಮೊದಲ ಕಾಯಿಲೆ. Mandate ಮತ್ತು limit ಅಥವಾ exceeds ಅನ್ನುವ ಮಾತಿದ್ದರೆ ಎರಡನೆಯದು.

ಈಗ ಮಾಡಬೇಕಾದ್ದು. ಎಸ್‌ಐಪಿ ಬೇರೆ, ಮ್ಯಾಂಡೇಟ್ ಬೇರೆ. ಎಸ್‌ಐಪಿ ಅಂದರೆ ನೀವು ಫಂಡಿಗೆ ಕೊಟ್ಟ ಮಾತು, ಮ್ಯಾಂಡೇಟ್ ಅಂದರೆ ಬ್ಯಾಂಕಿಗೆ ಕೊಟ್ಟ ಒಪ್ಪಿಗೆ. ಬ್ಯಾಂಕಿನಲ್ಲಿ ಒಪ್ಪಿಗೆ ಮಾತ್ರ ಕಿತ್ತರೆ ಫಂಡಿನವರು ಮುಂದಿನ ತಿಂಗಳೂ ಕೇಳುತ್ತಾರೆ, ಅದೂ ಬೌನ್ಸ್ ಆಗುತ್ತದೆ. ಹಾಗಾಗಿ ನಿಲ್ಲಿಸುವುದಿದ್ದರೆ ಮೊದಲು ಫಂಡಿನ ಕಡೆ ಎಸ್‌ಐಪಿ, ಅದು ರದ್ದಾಯಿತು ಅಂತ ಸಂದೇಶ ಬಂದ ಮೇಲೆ ಬೇಕಾದರೆ ಮ್ಯಾಂಡೇಟ್. ಕಂತಿನ ದಿನಕ್ಕೆ ವಾರದಷ್ಟಾದರೂ ಮುಂಚೆ ಕೊಡಿ. ಕೊನೆಯ ಎರಡು ದಿನದಲ್ಲಿ ಒತ್ತಿದರೆ ಆ ತಿಂಗಳ ಬೇಡಿಕೆ ಆಗಲೇ ಹೊರಟಿರುತ್ತದೆ.

ಮಿತಿಯ ಸಮಸ್ಯೆಯೇ ಆಗಿದ್ದರೆ ಹಳೆ ಮ್ಯಾಂಡೇಟ್ ತಿದ್ದುವುದಕ್ಕಿಂತ ಹೊಸದು ಮಾಡಿಸುವುದು ಸುಲಭ. ಫಂಡಿನ ವೆಬ್‌ಸೈಟ್‌ನಲ್ಲಿ ಅಥವಾ ಆ್ಯಪ್‌ನಲ್ಲಿ ಬ್ಯಾಂಕ್ ಮ್ಯಾಂಡೇಟ್ ಅನ್ನುವಲ್ಲಿ ಖಾತೆ ಆರಿಸಿ ನೆಟ್‌ಬ್ಯಾಂಕಿಂಗ್ ಇಲ್ಲವೇ ಡೆಬಿಟ್ ಕಾರ್ಡಿನಿಂದ ದೃಢೀಕರಿಸಿ. ಕೆಲವು ಕೆಲಸದ ದಿನಗಳಲ್ಲಿ ಅದು ಮಂಜೂರಾಗಿ ಯುಎಂಆರ್‌ಎನ್ ಅನ್ನುವ ಉದ್ದ ಸಂಖ್ಯೆ ಬರುತ್ತದೆ, ಬರೆದಿಟ್ಟುಕೊಳ್ಳಿ, ಬ್ಯಾಂಕಿನಲ್ಲಿ ಕೇಳುವಾಗ ಅದೇ ಆಧಾರ. ಕಾಗದದ ಫಾರ್ಮ್ ಕೊಟ್ಟರೆ ವಾರಗಳೇ ಹಿಡಿಯುತ್ತವೆ. ಯುಪಿಐ ಆಟೋಪೇ ಇನ್ನೂ ಬೇಗ, ಮ್ಯೂಚುವಲ್ ಫಂಡಿಗೆ ಒಂದು ಲಕ್ಷದವರೆಗೆ ಪ್ರತಿ ಕಂತಿಗೂ ಪಿನ್ ಕೇಳುವುದಿಲ್ಲ. ಆದರೆ ಮನೆಯ ಮಕ್ಕಳು ಫೋನ್ ಹಿಡಿದು 'ಬೇಡದ ಆಟೋಪೇ' ಅಳಿಸುವಾಗ ಇದೂ ಹೋದದ್ದುಂಟು. ನಿಮಗೆ ನಾನು ಡೆಬಿಟ್ ಕಾರ್ಡಿನದ್ದನ್ನೇ ಹೇಳುತ್ತೇನೆ. ಇಬ್ಬರೂ ಸಹಿ ಹಾಕಬೇಕಾದ ಜಂಟಿ ಖಾತೆಯಾದರೆ ಮಾತ್ರ ಆನ್‌ಲೈನ್ ದಾರಿ ನಡೆಯುವುದಿಲ್ಲ, ಕಾಗದದ ಫಾರ್ಮಿಗೇ ಹೋಗಬೇಕು. ಫಂಡು ನಿಮ್ಮ ಹೆಸರಲ್ಲಿದ್ದು ಖಾತೆ ಯಜಮಾನರೊಬ್ಬರದೇ ಆಗಿದ್ದರೂ ನಡೆಯದು.

ಗರಿಷ್ಠ ಮೊತ್ತಕ್ಕೆ ಕಂಜೂಸ್ ಮಾಡಬೇಡಿ. ಅದು ಮಿತಿ ಮಾತ್ರ, ಹೋಗುವುದು ಕಂತಿನಷ್ಟೇ. 3,000 ವರ್ಷಕ್ಕೆ 10% ಏರಿದರೆ 3,300, 3,630, 3,993, ಹೀಗೆ ಏಳನೇ ವರ್ಷ 5,300 ದಾಟುತ್ತದೆ. ಮಿತಿ 5,000 ಇಟ್ಟರೆ ಆಗ ಮತ್ತೆ ಇದೇ ತಕರಾರು. 10,000 ಇಡಿ.

ತಾರೀಖು ಬಟವಾಡೆಯ ಮೂರು ನಾಲ್ಕು ದಿನ ಆದ ಮೇಲೆ ಬರುವ ಹಾಗೆ ಇಟ್ಟುಕೊಳ್ಳಿ. ಎರಡು ಬಟವಾಡೆಗೆ ಸರಿಹೋಗಲಿ ಅಂತ 1,500ರ ಎರಡು ಎಸ್‌ಐಪಿ ಮಾಡಬೇಡಿ, ಬೌನ್ಸ್ ಆದರೆ 590 ಎರಡು ಸಲ ಹೋಗುತ್ತದೆ. ತಪ್ಪಿದ ಎರಡು ಕಂತನ್ನು ಅದೇ ಫೋಲಿಯೋಕ್ಕೆ ಒಂದೇ ಬಾರಿ ಯುಪಿಐನಲ್ಲಿ ಹಾಕಬಹುದು, ಹಾಕಲೇಬೇಕು ಅಂತೇನಿಲ್ಲ. ಹಾಗೆ ಹಾಕಿದ್ದಕ್ಕೆ ದುಡ್ಡು ಫಂಡಿಗೆ ಸೇರಿದ ದಿನದ ಬೆಲೆಗೆ ಯೂನಿಟ್ ಸಿಗುತ್ತದೆ, ಮಧ್ಯಾಹ್ನ 3ರ ಒಳಗೆ ಸೇರಿದರೆ ಅದೇ ದಿನದ್ದು. ಆದರೆ ಅದು ಸತತ ಮೂರು ಸಲ ತಪ್ಪಿದ ಲೆಕ್ಕವನ್ನು ಅಳಿಸುವುದಿಲ್ಲ. ಅಕ್ಟೋಬರ್ 5ರ ಕಂತು ಬೇರೆಯಾಗಿಯೇ ಹೋಗಬೇಕು.

ಗೀತಾ, ಹೊಸನಗರ: ನೋಡಿದೆ. ಆಗಸ್ಟ್ 4ರ ರಾತ್ರಿ 1,150 ಇತ್ತು, 5ರಂದು 10:40ಕ್ಕೆ ಡೈರಿಯ 2,250 ಬಂದಿದೆ. ಸೆಪ್ಟೆಂಬರ್ ಕಂತು 3,300 ಅಂತಲೇ ಇದೆ, ಮ್ಯಾಂಡೇಟ್ 3,000. ಹಾಗಿದ್ದರೆ ಸೆಪ್ಟೆಂಬರಿನ 590 ವಾಪಸ್ ಕೇಳಬಹುದಾ? ಖಾತೆಯಲ್ಲಿ ದುಡ್ಡಿತ್ತಲ್ಲ.

ರಾಘವೇಂದ್ರ, ತೀರ್ಥಹಳ್ಳಿ: ಕೇಳಿ. ಯುಎಂಆರ್‌ಎನ್ ಹಾಕಿ, 'ಈ ಕಂತು ಮರಳಿದ ಕಾರಣವನ್ನು ಬರವಣಿಗೆಯಲ್ಲಿ ಕೊಡಿ' ಅಂತ ಶಾಖೆಗೆ ಅರ್ಜಿ ಬರೆದು ಸ್ವೀಕೃತಿ ತಗೊಳ್ಳಿ. ಖಾತೆಯಲ್ಲಿ ಹಣ ಕಡಿಮೆ ಇದ್ದದ್ದಕ್ಕಲ್ಲ ಅಂತ ಅವರೇ ಬರೆದುಕೊಟ್ಟರೆ ಶುಲ್ಕ ಹಿಂದಿರುಗಿಸಿ ಅನ್ನಲು ಬಲ ಬರುತ್ತದೆ.

ಮಂಜಪ್ಪ, ಸೊರಬ: ಕೊಡಲ್ಲ ಅಕ್ಕಾ. ಯಾವ ಕಾರಣಕ್ಕೆ ಮರಳಿದರೂ ಶುಲ್ಕ ಅಂತ ನಮ್ಮ ಶಾಖೆಯ ಬೋರ್ಡಿನಲ್ಲೇ ಇದೆ.

ರಾಘವೇಂದ್ರ, ತೀರ್ಥಹಳ್ಳಿ: ನಿಮ್ಮ ಬ್ಯಾಂಕಿನ ಬೋರ್ಡು ಗೀತಕ್ಕನ ಬ್ಯಾಂಕಿಗೆ ಅನ್ವಯ ಆಗಲ್ಲ ಮಂಜಪ್ಪಣ್ಣ. ಅವರ ಶುಲ್ಕಪಟ್ಟಿಯಲ್ಲಿ ಏನು ಬರೆದಿದೆಯೋ ಅದು ನೋಡಬೇಕು. ಗೀತಕ್ಕ, ಅರ್ಜಿ ಆಮೇಲೆ. ಅಕ್ಟೋಬರಿಗೆ ದಿನ ಕಡಿಮೆ ಇದೆ, ಇವತ್ತೇ ಸ್ಟೆಪ್-ಅಪ್ ತೆಗೆಯಲು ಆಗುತ್ತದಾ ನೋಡಿ. ಆಗದಿದ್ದರೆ ಎಸ್‌ಐಪಿ ರದ್ದಿಗೆ ಕೊಟ್ಟು, ಮ್ಯಾಂಡೇಟ್ 10,000ಕ್ಕೆ ಮಾಡಿಸಿ, ಅದೇ ಫೋಲಿಯೋದಲ್ಲಿ ಹೊಸದು ಶುರು ಮಾಡಿ.