ಪ್ರಿಪೋನ್ ಇರಲಿ, ರಿವರ್ಟ್ ಬಗ್ಗೆ ಹುಷಾರು

ಪ್ರಶ್ನೆ: ತುಮಕೂರಿನ ಹತ್ತಿರ ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಮಾರ್ಕೆಟಿಂಗ್ ವಿಭಾಗದಲ್ಲಿದ್ದೇನೆ. ಓದಿದ್ದು ಕನ್ನಡ ಮೀಡಿಯಂ. ಮೇಲ್‌ನಲ್ಲಿ ಪ್ರಿಪೋನ್, ರಿವರ್ಟ್ ಬ್ಯಾಕ್, ಡು ದ ನೀಡ್‌ಫುಲ್ ಅಂತ ಬರೆದರೆ ಹೊಸ ಮ್ಯಾನೇಜರ್ ಎಲ್ಲರೆದುರು ‘ಇದು ಇಂಗ್ಲಿಷೇ ಅಲ್ಲ’ ಅಂತಾರೆ. ಸೀನಿಯರ್‌ಗಳೆಲ್ಲ ಹೀಗೇ ಬರೀತಾರಲ್ಲ, ತಪ್ಪಾ ಸರ್?

ಉತ್ತರ: ಪ್ರಿಪೋನ್ ತಪ್ಪಲ್ಲ. ಧೈರ್ಯವಾಗಿ ಬರೆಯಿರಿ. ಇದು ಆಕ್ಸ್‌ಫರ್ಡ್ ನಿಘಂಟಿನಲ್ಲೇ ಇದೆ. ನಿಗದಿಯಾದ ದಿನಕ್ಕಿಂತ ಮೊದಲೇ ಇಟ್ಟುಕೊಳ್ಳುವುದು ಅನ್ನುವ ಅರ್ಥದಲ್ಲಿ ಅವರು ಕೊಡುವ ಮೊದಲ ಬಳಕೆ 1913ರದ್ದು, ಅದೂ ಅಮೆರಿಕದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ. ಅಲ್ಲಿ ಬೇರೂರಲಿಲ್ಲ, ನಮ್ಮಲ್ಲಿ ನಿತ್ಯದ ಮಾತಾಯಿತು.

ಇಂಗ್ಲೆಂಡಿನವರು ಇದಕ್ಕೆ ‘ಬ್ರಿಂಗ್ ಫಾರ್ವರ್ಡ್’ ಅನ್ನುತ್ತಾರೆ. ಕನ್ನಡದವರಿಗೆ ಎಡವಟ್ಟಾಗುವುದು ಇಲ್ಲೇ. ಶುಕ್ರವಾರದ ಮೀಟಿಂಗ್ ಮುಂದಕ್ಕೆ ಹೋಯ್ತು ಅಂದರೆ ನಮಗೆ ಅದು ಸೋಮವಾರಕ್ಕೋ ಮಂಗಳವಾರಕ್ಕೋ ಹೋಯಿತು ಅಂತ ಅರ್ಥ. ಅವರ ‘ಫಾರ್ವರ್ಡ್’ ಬುಧವಾರದ ಕಡೆಗೆ ಬರುತ್ತದೆ. ಫಾರ್ವರ್ಡ್ ಅನ್ನು ಮನಸ್ಸಿನಲ್ಲೇ ‘ಮುಂದಕ್ಕೆ’ ಅಂತ ಓದಿಕೊಂಡು ತಪ್ಪು ದಿನ ಹಾಜರಾದವರನ್ನು ನಾನೇ ನೋಡಿದ್ದೇನೆ. ಪ್ರಿಪೋನ್‌ನಲ್ಲಿ ಈ ಗೊಂದಲವೇ ಇಲ್ಲ. ಹೊರದೇಶದವರಿಗೆ ಬರೆಯುವಾಗ ಮಾತ್ರ ಹೊಸ ದಿನಾಂಕವನ್ನೂ ಹಾಕಿ, ಅವರಿಗೆ ಈ ಪದ ಗೊತ್ತಿರದೇ ಇರಬಹುದು.

‘ಡು ದ ನೀಡ್‌ಫುಲ್’ ಕೂಡ ತಪ್ಪಲ್ಲ. ಇಂಗ್ಲೆಂಡಿನಲ್ಲಿ ಹಿಂದೆ ಚಲಾವಣೆಯಲ್ಲಿದ್ದ ಮಾತು, ಅಲ್ಲಿ ಹಳತಾಯಿತು, ನಮ್ಮ ಆಫೀಸುಗಳಲ್ಲಿ ಉಳಿಯಿತು. ನಮ್ಮ ಕಚೇರಿ ಪತ್ರಗಳ ‘ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ಕೋರಿದೆ’ ಇದ್ದ ಹಾಗೆ. ಏನು ಮಾಡಬೇಕು ಅಂತ ಇಬ್ಬರಿಗೂ ಮೊದಲೇ ಗೊತ್ತಿದ್ದರೆ ಸರಿ. ಗೊತ್ತಿಲ್ಲದವರಿಗೆ ಅದು ಏನನ್ನೂ ಹೇಳುವುದಿಲ್ಲ.

ನಿಮ್ಮ ಮೂರರಲ್ಲಿ ನನಗೆ ಭಯವಿರುವುದು ರಿವರ್ಟ್ ಒಂದರ ಬಗ್ಗೆ. ಅದರಲ್ಲಿರುವ ‘ಬ್ಯಾಕ್’ ಬಗ್ಗೆ ಅಲ್ಲ. ಲ್ಯಾಟಿನ್ ಮೂಲದ ‘ರಿ’ ಅಂದರೇನೇ ಹಿಂದಕ್ಕೆ, ಹಾಗಾಗಿ ಅದು ‘ವಾಪಸ್ ಹಿಂತಿರುಗಿದ’ ಅಂದ ಹಾಗೆ. ಆ ಬ್ಯಾಕ್ ತೆಗೆದುಬಿಡಿ. ಹಾಗೇ ಉಳಿದರೂ ಅನಾಹುತವೇನಿಲ್ಲ. ತೊಂದರೆ ಇರುವುದು ರಿವರ್ಟ್ ಅನ್ನುವುದರ ಎರಡು ಅರ್ಥದಲ್ಲಿ. ನಮಗದು ‘ಉತ್ತರ ಕೊಡಿ’. ಈ ಬಳಕೆಯನ್ನೂ ನಿಘಂಟುಗಳು ಭಾರತೀಯ ಇಂಗ್ಲಿಷ್ ಅಂತ ಗುರುತಿಸಿವೆ. ಆದರೆ ಇಂಗ್ಲೆಂಡ್, ಅಮೆರಿಕದವರಿಗೆ ಅದರ ಮುಖ್ಯ ಅರ್ಥ ‘ಮೊದಲಿದ್ದ ಸ್ಥಿತಿಗೆ ಮರಳಿ’.

ತುಮಕೂರಿನಲ್ಲೇ ನಡೆದದ್ದು ಹೇಳುತ್ತೇನೆ. ನಾನು ಪತ್ರ ವ್ಯವಹಾರ ಕಲಿಸಲು ಹೋಗುತ್ತಿದ್ದ ಒಂದು ಸಣ್ಣ ಕಾರ್ಖಾನೆ ಇಂಗ್ಲೆಂಡಿನ ಗಿರಾಕಿಗೆ ಎರಡು ಬಿಡಿಭಾಗಗಳಿಗೆ ಕೊಟೇಶನ್ ಕಳಿಸಿತ್ತು. ಮೊದಲನೆಯದಕ್ಕೆ ದರ ಜಾಸ್ತಿ ಆಯ್ತು ಅಂತ ಅವರು ಹೇಳಿದ ಮೇಲೆ, 4.20 ಪೌಂಡ್ ಇದ್ದದ್ದನ್ನು 3.90ಕ್ಕೆ ಇಳಿಸಿ ಇನ್ನೊಂದು ಕೊಟೇಶನ್ ಹೋಯಿತು. ಎರಡನೆಯ ಭಾಗದ ಬಗ್ಗೆ ಮಾತ್ರ ಉತ್ತರ ಬರಲಿಲ್ಲ. ಅದನ್ನು ನೆನಪಿಸಲು ಅಲ್ಲಿನ ಹುಡುಗ ಬರೆದದ್ದು ಒಂದೇ ಸಾಲು: ‘ಕೈಂಡ್ಲಿ ರಿವರ್ಟ್ ಬ್ಯಾಕ್ ಟು ಅವರ್ ಅರ್ಲಿಯರ್ ಕೊಟೇಶನ್’. ನಮ್ಮ ಮೊದಲಿನ ಕೊಟೇಶನ್‌ಗೆ ಉತ್ತರ ಕೊಡಿ ಅನ್ನುವುದು ಅವನ ಮನಸ್ಸಿನಲ್ಲಿತ್ತು. ಗಿರಾಕಿ ಓದಿಕೊಂಡದ್ದು ‘ಇಳಿಸಿದ ದರ ಬಿಡಿ, ಮೊದಲಿನ ದರಕ್ಕೇ ವಾಪಸ್ ಹೋಗಿ’ ಅಂತ. ಮಾತು ತಪ್ಪಿದರು ಅಂದುಕೊಂಡು ಸುಮ್ಮನಾದರು. ಎರಡು ವಾರದ ನಂತರ ಫೋನ್ ಮಾಡಿದಾಗಲೇ ವಿಷಯ ಗೊತ್ತಾದದ್ದು. ಪಾಪ, ಆ ಸಾಲಿನಲ್ಲಿ ವ್ಯಾಕರಣದ ತಪ್ಪು ಹುಡುಕಿದರೆ ಸಿಗುವುದಿಲ್ಲ.

ಹಾಗಾಗಿ ನೀವು ಕಳಿಸಿದ ಮೇಲ್‌ಗಳನ್ನು ಒಮ್ಮೆ ತೆಗೆದು ನೋಡಿ. ರಿವರ್ಟ್ ಪಕ್ಕದಲ್ಲಿ ಹಳೆಯ ದರ, ಹಳೆಯ ಡ್ರಾಯಿಂಗ್, ಹಿಂದಿನ ಷರತ್ತು ಇಂಥದ್ದೇನಾದರೂ ಇದ್ದರೆ ಅದನ್ನು ಎರಡು ರೀತಿಯಲ್ಲಿ ಓದಬಹುದು. ಸಾಫ್ಟ್‌ವೇರ್‌ನವರಿಗೆ ಬರೆಯುವಾಗ ಇನ್ನೂ ಹುಷಾರಾಗಿರಬೇಕು. ಅವರು ದಿನಾ ಬಳಸುವ `git revert` ಅನ್ನುವ ಕಮಾಂಡ್‌ನ ಕೆಲಸವೇ ಮಾಡಿದ ಬದಲಾವಣೆಯನ್ನು ರದ್ದು ಮಾಡುವುದು.

ತುಮಕೂರು, ಬೆಂಗಳೂರಿನೊಳಗಿನ ಮೇಲ್‌ನಲ್ಲಿ ‘ಪ್ಲೀಸ್ ರಿವರ್ಟ್’ ಅಂದರೆ ಯಾರೂ ತಪ್ಪು ತಿಳಿಯುವುದಿಲ್ಲ, ಅದಕ್ಕಾಗಿ ನೀವು ತಲೆ ತಗ್ಗಿಸಬೇಕಾಗಿಲ್ಲ. ಹೊರಗೆ ಹೋಗುವ ಮೇಲ್‌ನಲ್ಲಿ ‘ರಿಪ್ಲೈ’ ಅನ್ನಿ. ಆ ಹುಡುಗನಿಗೆ ನಾನು ಬರೆಸಿದ ಸಾಲು ಹೀಗಿತ್ತು: ‘ಪ್ಲೀಸ್ ರಿಪ್ಲೈ ಬೈ ಫ್ರೈಡೇ ಅಬೌಟ್ ದ ಸೆಕೆಂಡ್ ಪಾರ್ಟ್. ದ ಪ್ರೈಸ್ ಆಫ್ ದ ಫಸ್ಟ್ ಪಾರ್ಟ್ ಸ್ಟೇಸ್ ಅಟ್ 3.90 ಪೌಂಡ್ಸ್.’ ಅದನ್ನು ನಿಮ್ಮ ಮ್ಯಾನೇಜರ್‌ಗೂ ತೋರಿಸಿ.